ಚಂದ್ರಗಿರಿ ಜಲಾನಯನ: ನಕ್ಷೆಯ ಪ್ರಶ್ನೆಯೋ, ಕೋಷ್ಟಕದ ಪ್ರಶ್ನೆಯೋ, ಭೂಬಳಕೆಯ ಪ್ರಶ್ನೆಯೋ?

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಒಂದೇ ಪಿರಿಯಡ್ ಇದ್ದರೆ ನಾನು ನಕ್ಷೆಯನ್ನೇ ಆರಿಸುತ್ತೇನೆ. "ಚಂದ್ರಗಿರಿಯ ಜಲಾನಯನದ ಗಡಿ ಎಳೆಯಿರಿ" ಅಂತ ಕೇಳಿದರೆ ಸಾಕು, ಸಮೋನ್ನತಿ ರೇಖೆ ಓದಲು ಬರುತ್ತದೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ. ಆ ಗಡಿ ಗುಡ್ಡದ ನೆತ್ತಿಯಲ್ಲೇ ಸಾಗಬೇಕು, ಅಳಿವೆ ಬಿಟ್ಟು ಬೇರೆಲ್ಲೂ ತೊರೆಯನ್ನು ದಾಟಬಾರದು. ದಾಟಿದ್ದರೆ ಗೆರೆ ತಪ್ಪು. ಆದರೆ ಕೇರಳದ ನಕ್ಷೆ ಮಾತ್ರ ಕೊಡಬೇಡಿ, ಚಂದ್ರಗಿರಿಯನ್ನು ಸೇರುವ ಪಯಸ್ವಿನಿ ಹುಟ್ಟುವುದು ಕೊಡಗಿನ ಕಡೆ ಅಲ್ವಾ!

ಕೋಷ್ಟಕ ಬೇಗ ಮುಗಿಯುತ್ತದೆ. ಜಲಾನಯನ ಒಟ್ಟು 1406 ಚದರ ಕಿ.ಮೀ., ಅದರಲ್ಲಿ ಕರ್ನಾಟಕದ್ದು 570. ಶೇಕಡಾ ಎಷ್ಟು? ಸುಮಾರು 40.5. ಇಷ್ಟಕ್ಕೇ ನಿಲ್ಲಿಸಿದರೆ ಅದು ಸುಮ್ನೆ ಗಣಿತ. "ಮೇಲಿನ ಈ 40 ಭಾಗದಲ್ಲಿ ಮಳೆ ಸುರಿದರೆ ಕೆಳಗೆ ನೀರು ಏರುವುದು ಯಾವಾಗ, ಯಾಕೆ?" ಅಂತ ಸೇರಿಸಿ.

ಭೂಬಳಕೆಯ ಪ್ರಶ್ನೆಗೆ ಎರಡು ಪಿರಿಯಡ್ ಬೇಕು, ಆದರೆ ಚರ್ಚೆ ಜಾಸ್ತಿ ಆಗುವುದು ಇಲ್ಲೇ. ಒಂದು ಹೆಕ್ಟೇರ್ ಮೇಲೆ 50 ಮಿ.ಮೀ. ಮಳೆ ಬಿದ್ದರೆ 500 ಘನ ಮೀಟರ್ ನೀರು. ಬದುವಿರುವ ಗದ್ದೆಯಿಂದ ಶೇ. 30, ಕಾಂಕ್ರೀಟ್ ಅಂಗಳದಿಂದ ಶೇ. 80 ಹರಿಯುತ್ತದೆ ಅಂತ ಊಹಿಸಿದರೆ 150 ಮತ್ತು 400. ಇವು ಲೆಕ್ಕಕ್ಕಾಗಿ ಹಿಡಿದ ಅಂಕಿ, ಅಳತೆ ಮಾಡಿದ್ದಲ್ಲ ಅಂತ ಪ್ರಶ್ನೆಯಲ್ಲೇ ಬರೆಯಿರಿ. ಭೂಬಳಕೆ ಹೇಗೆ ಬದಲಾಗಿದೆ ಅಂತ ಹೋಲಿಸಲು ಹಳೆಯದೊಂದು, ಹೊಸದೊಂದು ಉಪಗ್ರಹ ಚಿತ್ರ ಕೊಟ್ಟರೆ ಎರಡೂ ಒಂದೇ ತಿಂಗಳಿನದ್ದಿರಲಿ. ಏಪ್ರಿಲ್‌ನ ಒಣ ಗದ್ದೆಯನ್ನು ಆಗಸ್ಟ್‌ನ ಹಸಿರಿನ ಪಕ್ಕ ಇಟ್ಟರೆ ಮಕ್ಕಳು ಋತುವನ್ನೇ ಭೂಬಳಕೆಯ ಬದಲಾವಣೆ ಅಂತ ಬರೆಯುತ್ತಾರೆ.