‘ಗ್ರಾಸರಿ’ ಮೇಲೋ, ‘ಹುಳುವಿನ ಮೈಯಿಂದ ಹಾಲು’ ಮೇಲೋ: ಒಂದೇ ರೋಗಕ್ಕೆ ಮೂರು ಶೀರ್ಷಿಕೆ ಇಟ್ಟು ನೋಡಿದೆ

ನನ್ನ ಅಕ್ಕನ ಮಗ ಶಿಡ್ಲಘಟ್ಟದ ಆಚೆ, ನಮ್ಮ ಊರಿನಿಂದ ನಾಲ್ಕು ಕಿಲೋಮೀಟರ್ ದೂರದಲ್ಲಿ ರೇಷ್ಮೆ ಹುಳು ಸಾಕುತ್ತಾನೆ. ಹೋದ ಬೆಳೆಯಲ್ಲಿ ಪೊರೆ ಬಿಡುವ ನಾಲ್ಕನೇ ಜ್ವರದಿಂದ ಎದ್ದ ಮೂರನೆಯ ದಿನ ಅವನ ಕೆಲವು ಹುಳುಗಳು ಸೊಪ್ಪು ಬಿಟ್ಟು ಅಂಚಿನಲ್ಲಿ ಅಲೆಯತೊಡಗಿದವು. ಮೈಯ ಗೆಣ್ಣುಗಳು ಊದಿಕೊಂಡಿದ್ದವು. ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ನೀರು ಬರುತ್ತಿತ್ತು. ಅರ್ಧ ಗಂಟೆ ಮೊಬೈಲಿನಲ್ಲಿ ಹುಡುಕಿ, ಸಾಕಾಗಿ ನನಗೆ ಕರೆ ಮಾಡಿದ. ಅದೇ ರೋಗದ ಮೇಲೆ ನಾನೇ ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕಿ ಎಂಟು ತಿಂಗಳಾಗಿತ್ತು. ಅವನಿಗೆ ಅದು ಸಿಕ್ಕಿರಲಿಲ್ಲ.

ನನ್ನ ಶೀರ್ಷಿಕೆ ಹೀಗಿತ್ತು: ‘ರೇಷ್ಮೆ ಹುಳುವಿನಲ್ಲಿ ಗ್ರಾಸರಿ ರೋಗದ ಸಮಗ್ರ ನಿರ್ವಹಣೆ’. ತರಬೇತಿಯಲ್ಲಿ ಕೊಟ್ಟ ಪುಸ್ತಿಕೆಯ ತಲೆಬರಹವನ್ನೇ ಹೆಚ್ಚು ಕಡಿಮೆ ಎತ್ತಿಕೊಂಡಿದ್ದೆ. ‘ಗ್ರಾಸರಿ ಎಂದು ಹಾಕಿದ್ದರೆ ಮೊದಲೇ ಬರುತ್ತಿತ್ತಲ್ಲ’ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. ಅವನು ‘ಮಾವ, ಹೆಸರು ಗೊತ್ತಿದ್ದಿದ್ದರೆ ನಾನು ಯಾಕೆ ಹುಡುಕುತ್ತಿದ್ದೆ?’ ಎಂದ. ಎದುರುತ್ತರ ಹೊಳೆಯಲಿಲ್ಲ. ಅವನು ಹುಡುಕಿದ್ದು ಹೀಗೆ:

```
hulu haalu barthide
hula halu bartide
reshme hulu mai odedu neeru
```

ಆಮೇಲೆ ಎರಡು ಬೆಳೆಯ ಅವಧಿಯಲ್ಲಿ ಈ ಒಂದೇ ರೋಗದ ಬಗ್ಗೆ ಮೂರು ಬೇರೆ ಬೇರೆ ಚಿಕ್ಕ ವಿಡಿಯೊ ಮಾಡಿ, ಮೂರು ಬಗೆಯ ಶೀರ್ಷಿಕೆ ಇಟ್ಟೆ. ಮೊದಲನೆಯದು ರೋಗದ ಹೆಸರಿನದು. ಎರಡನೆಯದು ಕಂಡದ್ದನ್ನು ಕಂಡ ಹಾಗೆ ಕನ್ನಡ ಅಕ್ಷರದಲ್ಲಿ ಹೇಳಿದ್ದು: ‘ರೇಷ್ಮೆ ಹುಳುವಿನ ಮೈಯಿಂದ ಹಾಲು ಬರುತ್ತಿದೆ’. ಮೂರನೆಯದು ಅದೇ ಮಾತು ಇಂಗ್ಲಿಷ್ ಅಕ್ಷರದಲ್ಲಿ. ಒಂದೇ ವಿಡಿಯೊವನ್ನು ಮೂರು ಸಲ ಹಾಕಲಿಲ್ಲ. ಹಾಕಿದ್ದರೆ ಒಂದನ್ನೊಂದು ತಿನ್ನುತ್ತಿದ್ದವು. ಫಲಿತಾಂಶ ನೋಡಿದ್ದು ಅಳಿಯನ ಸ್ನೇಹಿತರ ಮೊಬೈಲುಗಳಲ್ಲಿ. ನನ್ನ ಮೊಬೈಲಿನಲ್ಲಿ ನನ್ನ ವಿಡಿಯೊ ಯಾವಾಗಲೂ ಮೇಲೆಯೇ ಬರುತ್ತದೆ. ಆ ಸುಖಕ್ಕೆ ಮರುಳಾಗಿಯೇ ಎಂಟು ತಿಂಗಳು ಕಳೆದಿದ್ದು.

ಹೆಸರಿನ ಶೀರ್ಷಿಕೆಗೂ ನೋಡುಗರಿದ್ದಾರೆ. ಆದರೆ ಅವರು ರೇಷ್ಮೆ ಓದುವ ವಿದ್ಯಾರ್ಥಿಗಳು, ತರಬೇತಿ ಮುಗಿಸಿದವರು, ನನ್ನ ವಯಸ್ಸಿನ ಸಾಕಣೆದಾರರು. ಯೂಟ್ಯೂಬ್ ಸ್ಟುಡಿಯೊದಲ್ಲಿ ನೋಡುಗರು ಎಲ್ಲಿಂದ ಬಂದರೆಂಬ ಭಾಗಕ್ಕೆ ಹೋಗಿ ‘ಯೂಟ್ಯೂಬ್ ಹುಡುಕಾಟ’ ಎಂಬುದನ್ನು ಒತ್ತಿದರೆ ಅವರು ಟೈಪಿಸಿದ ಮಾತುಗಳ ಪಟ್ಟಿಯೇ ಸಿಗುತ್ತದೆ (ನೋಡುಗರು ತೀರಾ ಕಡಿಮೆಯಿದ್ದರೆ ಖಾಲಿ ಇರುತ್ತದೆ). ಮೊದಲ ವಿಡಿಯೊಗೆ ಆ ಪಟ್ಟಿಯಲ್ಲಿ ರೋಗದ ಹೆಸರು ಬಿಟ್ಟು ಬೇರೇನೂ ಇರಲಿಲ್ಲ. ಎರಡನೆಯದರ ಪಟ್ಟಿ ಓದುವುದಕ್ಕೇ ಚೆನ್ನಾಗಿತ್ತು. ಹುಳು ಊದಿದೆ, ಹುಳು ಅಂಚಿಗೆ ಹೋಗುತ್ತಿದೆ, ಹುಳು ಜ್ವರಕ್ಕೆ ಕೂರುತ್ತಿಲ್ಲ. ಪುಸ್ತಿಕೆಯ ಲಕ್ಷಣಗಳ ಪಟ್ಟಿ ಅದೇ, ಹುಳುಮನೆಯಲ್ಲಿ ನಿಂತವರ ಬಾಯಲ್ಲಿ.

ಮೂರನೆಯದರಲ್ಲಿ ಎಡವಿದೆ. ಕನ್ನಡ ಅಕ್ಷರದಲ್ಲಿ ‘ಹಾಲು’ ಎಂದು ಬರೆಯಲು ಒಂದೇ ದಾರಿ. ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರದು ಒಂದೊಂದು: haalu, halu. ‘ಬರುತ್ತಿದೆ’ಗಂತೂ ಲೆಕ್ಕವಿಲ್ಲ. ಅದಕ್ಕಿಂತ ದೊಡ್ಡ ಪೇಚು ‘ಹುಳು’ವಿನದು. ಬರೀ hulu ಎಂದರೆ ಅಮೆರಿಕದ ಸಿನಿಮಾ, ಧಾರಾವಾಹಿ ತೋರಿಸುವ ಸೇವೆಯೊಂದು ಬಂದು ಕೂರುತ್ತದೆ. hula ಎಂದರೆ ಸೊಂಟಕ್ಕೆ ಬಳೆ ಸುತ್ತಿಕೊಂಡು ಕುಣಿಯುವವರು. ಮುಂದೆ reshme ಸೇರಿಸಿದ ಮೇಲೆಯೇ ನಮ್ಮ ಹುಳು ಬಂದದ್ದು. ಹುಡುಗರಿಗೆ ಇದು ಆಗಲೇ ಗೊತ್ತು: ಎರಡನೇ ಸಲಕ್ಕೆ ತಾವಾಗಿಯೇ ಆ ಪದ ಸೇರಿಸುತ್ತಾರೆ. ಹಾಗಾಗಿ ಶೀರ್ಷಿಕೆಯಲ್ಲಿ ಒಂದೇ ಕಾಗುಣಿತ ಇಟ್ಟು, ಉಳಿದ ಎರಡು ಮೂರು ಬಗೆಯನ್ನು ಯೂಟ್ಯೂಬಿನ ಟ್ಯಾಗ್ ಜಾಗದಲ್ಲಿ ಹಾಕಿದೆ. ಟ್ಯಾಗುಗಳಿಂದ ಹುಡುಕಾಟಕ್ಕೆ ಆಗುವ ಸಹಾಯ ಅಲ್ಪ, ಜನ ತಪ್ಪು ಕಾಗುಣಿತದಲ್ಲಿ ಹುಡುಕುವ ಪದಗಳಿಗೆ ಮಾತ್ರ ಅವು ಉಪಯುಕ್ತ ಎಂದು ಯೂಟ್ಯೂಬೇ ಹೇಳುತ್ತದೆ. ನಮ್ಮದು ಅಂಥದ್ದೇ ಪ್ರಸಂಗ.

ಇನ್‌ಸ್ಟಾಗ್ರಾಮಿನಲ್ಲೂ ಮೂರನ್ನೂ ರೀಲ್ ಮಾಡಿ ಹಾಕಿದೆ. ಹುಡುಕಿದ ಮಾತನ್ನು ಖಾತೆಯ ಹೆಸರು, ಪರಿಚಯ, ಕ್ಯಾಪ್ಷನ್, ಹ್ಯಾಷ್‌ಟ್ಯಾಗ್, ಸ್ಥಳಗಳ ಜೊತೆ ಹೋಲಿಸಿ ನೋಡುತ್ತೇವೆ, ಆದ್ದರಿಂದ ಪದಗಳನ್ನು ಕಮೆಂಟಿನಲ್ಲಿ ಅಲ್ಲ, ಕ್ಯಾಪ್ಷನ್ನಿನಲ್ಲೇ ಹಾಕಿ ಎಂದು ಆ ಸಂಸ್ಥೆ 2021ರಲ್ಲೇ ಹೇಳಿತ್ತು. ನಾನು ಅಲ್ಲಿಯವರೆಗೆ ಕ್ಯಾಪ್ಷನ್ನಿನಲ್ಲಿ ಒಂದು ನಮಸ್ಕಾರದ ಚಿತ್ರ, ಕೆಳಗೆ #sericulture ಎಂಬಂಥ ಹ್ಯಾಷ್‌ಟ್ಯಾಗುಗಳ ಸಾಲು ಹಾಕುತ್ತಿದ್ದೆ. ಆ ಹ್ಯಾಷ್‌ಟ್ಯಾಗ್ ಒತ್ತಿದರೆ ಲೋಕದ ಎಲ್ಲ ಹುಳುಗಳೂ ಬರುತ್ತವೆ, ಶಿಡ್ಲಘಟ್ಟದ್ದು ಎಲ್ಲೋ ತಳದಲ್ಲಿ. ಕಂಡ ಲಕ್ಷಣವನ್ನು ಮೊದಲ ಸಾಲಿನಲ್ಲಿ ಪೂರ್ತಿ ವಾಕ್ಯವಾಗಿ ಬರೆದ ರೀಲ್ ಮಾತ್ರ ಅಳಿಯನ ಸ್ನೇಹಿತರ ಹುಡುಕಾಟದಲ್ಲಿ ಕಂಡಿತು. ಉಳಿದದ್ದು ‘ಇನ್ನಷ್ಟು’ ಒತ್ತಿದರೆ ಮಾತ್ರ ಕಾಣುವುದರಿಂದ ನೋಡುವವರಿಗೂ ಆ ಮೊದಲ ಸಾಲೇ ಮುಖ್ಯ. ಕೊರತೆಯೊಂದಿದೆ: ಯೂಟ್ಯೂಬಿನ ಹಾಗೆ ಜನ ಏನು ಟೈಪಿಸಿ ಬಂದರೆಂಬ ಪಟ್ಟಿ ಇಲ್ಲಿ ಸಿಗುವುದಿಲ್ಲ. ಮಾತು ಕಲಿಯಲು ಯೂಟ್ಯೂಬ್, ಆ ಮಾತನ್ನು ಹುಡುಗರ ಮುಂದೆ ಇಡಲು ಇನ್‌ಸ್ಟಾಗ್ರಾಮ್ ಎಂದು ನಾನೀಗ ಹಂಚಿಕೊಂಡಿದ್ದೇನೆ.

ಹಾಗೆಂದು ಹೆಸರನ್ನು ಬಿಟ್ಟುಬಿಡಬೇಕೆಂದಲ್ಲ. ‘ಹುಳುವಿನ ಮೇಲೆ ಕಪ್ಪು ಚುಕ್ಕೆ’ ಎಂದು ಅದೇ ಹುಡುಗರು ಹುಡುಕಿದಾಗ ಎರಡು ಬೇರೆ ತೊಂದರೆಗಳು ಕಲಸಿ ಬಂದವು. ಊಜಿ ನೊಣದ ಮರಿ ಹುಳುವಿನ ಮೈಯನ್ನು ಕೊರೆದು ಒಳಹೊಕ್ಕ ಜಾಗದಲ್ಲಿ ಒಂದು ಕಪ್ಪು ಗಾಯದ ಗುರುತು ಉಳಿಯುತ್ತದೆ. ಪೆಬ್ರಿನ್ ಎಂಬ ರೋಗ ಇದ್ದರೆ ಮೆಣಸಿನ ಪುಡಿ ಉದುರಿಸಿದ ಹಾಗೆ ಸಣ್ಣ ಚುಕ್ಕೆಗಳು ಕಾಣಬಹುದು. ಊಜಿಗೆ ಬಲೆ ಕಟ್ಟಿ, ಊಜಿ ತಗುಲಿದ ಹುಳು ಆರಿಸಿ ತೆಗೆದು ಬೆಳೆ ಉಳಿಸಿಕೊಳ್ಳಬಹುದು. ಪೆಬ್ರಿನ್ ತಾಯಿ ಚಿಟ್ಟೆಯಿಂದ ಮೊಟ್ಟೆಯ ಮೂಲಕವೂ ಬರುವಂಥದ್ದು, ಖಚಿತವಾಗಲು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಖಚಿತವಾದರೆ ಇಡೀ ಬೆಳೆಯನ್ನೇ ನಾಶ ಮಾಡಬೇಕು. ಕಣ್ಣಿಗೆ ಕಂಡದ್ದನ್ನಷ್ಟೇ ಹೇಳುವ ಮಾತಿಗೆ ಈ ಎರಡರ ನಡುವಿನ ಅಂತರ ತಿಳಿಯುವುದಿಲ್ಲ. ಒಬ್ಬ ಹುಡುಗ ಮೊದಲು ಬಂದ ರೀಲ್ ನೋಡಿ, ತನ್ನದು ಪೆಬ್ರಿನ್ ಎಂದುಕೊಂಡು ಒಂದು ರಾತ್ರಿ ನಿದ್ದೆಗೆಟ್ಟ. ಬೆಳಿಗ್ಗೆ ಹೋಗಿ ನೋಡಿದರೆ ಒಂದೊಂದು ಹುಳುವಿಗೆ ಒಂದೊಂದೇ ಗುರುತು, ಊಜಿ.

ಆದ್ದರಿಂದ ಈಗ ನನ್ನ ಕ್ಯಾಪ್ಷನ್ನಿನ ಮೊದಲ ಸಾಲು ಅವರ ಮಾತು, ಎರಡನೆಯ ಸಾಲು ರೋಗದ ಹೆಸರು, ಮೂರನೆಯದು ‘ಹೀಗಿದ್ದರೆ ಇದಲ್ಲ’ ಎಂಬ ಒಂದು ಗುರುತು. ಹಾಲಿನ ವಿಡಿಯೊದಲ್ಲಿ ಅದು ಹೀಗಿದೆ: ‘ರೇಷ್ಮೆ ಹುಳುವಿನ ಮೈಯಿಂದ ಹಾಲು ಬರುತ್ತಿದೆಯೇ? ಇದು ಹಾಲುತೊಂಡೆ, ಗ್ರಾಸರಿ ಎನ್ನುತ್ತಾರೆ. ಹುಳು ಸತ್ತು ಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ ಗಟ್ಟಿಯಾಗಿದ್ದರೆ ಇದಲ್ಲ, ಅದು ಸುಣ್ಣಕಟ್ಟು.’ ವಿಡಿಯೊದಲ್ಲಿ ಹೇಳಿದ್ದು ಹೆಚ್ಚಿಲ್ಲ. ಇದು ವೈರಸ್ಸಿನಿಂದ ಬರುವುದು, ಹಿಡಿದ ಹುಳುವಿಗೆ ಮದ್ದಿಲ್ಲ. ಮೈ ಒಡೆಯುವ ಮೊದಲೇ ಆರಿಸಿ ತೆಗೆಯಬೇಕು, ಏಕೆಂದರೆ ಆ ಹಾಲೇ ಉಳಿದ ಹುಳುಗಳಿಗೆ ರೋಗ ಹಂಚುತ್ತದೆ.

ಹೋದ ವಾರದ ಪಟ್ಟಿಯಲ್ಲಿ ಹೊಸದೊಂದು ಮಾತು ಬಂದಿತ್ತು: reshme hulu jwara eshtu gante. ಪೊರೆ ಬಿಡುವ ಅವಧಿಗೆ ನಾವು ಜ್ವರ ಎನ್ನುತ್ತೇವೆಂದು ಗೊತ್ತಿಲ್ಲದವರು ಹುಳುವಿಗೂ ಜ್ವರ ಬರುತ್ತದೆಯೇ ಎಂದು ಕೇಳಿಯಾರು. ನನ್ನ ಹುಳುಗಳು ಗುರುವಾರ ನಾಲ್ಕನೆಯದಕ್ಕೆ ಕೂರುತ್ತವೆ. ಅಂದು ಮೊಬೈಲನ್ನು ಹುಳುಮನೆಯಲ್ಲೇ ಇಡುತ್ತೇನೆ.