ಶಾಲಾ ಚೆಸ್ ಕ್ಲಬ್ಬಿಗೆ ಎಲೋ ಏಣಿ: ಮೂರು ಶಾಲಾ ವರ್ಷಗಳ ಬಳಕೆಯ ನಂತರ

ಪ್ರತಿ ಆಟದ ಫಲಿತಾಂಶ ನೋಡಿ ಮಕ್ಕಳ ರೇಟಿಂಗ್ ಅಂಕವನ್ನು ಏರಿಸಿ ಇಳಿಸಿ, ಅದರಂತೆ ಸ್ಥಾನ ಕೊಡುವ ಎಲೋ ಏಣಿಗೆ ಐದರಲ್ಲಿ ನಾಲ್ಕು ನಕ್ಷತ್ರ. ಕಡಿತವಾದ ಒಂದು ನಕ್ಷತ್ರ ಲೆಕ್ಕದ ಕಷ್ಟಕ್ಕಲ್ಲ, ಜೂನ್ ತಿಂಗಳಿಗೆ. ಯಾಕೆಂದು ಮುಂದೆ ಬರುತ್ತದೆ.

ಬಳಕೆಯ ಹಿನ್ನೆಲೆ ಇಷ್ಟು. ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆ, ಐದರಿಂದ ಹತ್ತನೆಯ ತರಗತಿವರೆಗಿನ 24 ಮಕ್ಕಳು, ತಲೆಗೆ ವಾರಕ್ಕೆ ಒಂದೋ ಎರಡೋ ಆಟ. ಕಂಪ್ಯೂಟರ್ ಲ್ಯಾಬಿನ ಲಿನಕ್ಸ್ ಯಂತ್ರಗಳಲ್ಲಿ ಲಿಬ್ರೆಆಫೀಸ್ ಕ್ಯಾಲ್ಕ್ ಮೊದಲೇ ಇರುವುದರಿಂದ ಬೇರೆ ಯಾವ ಆ್ಯಪ್ ಕೂಡ ಬೇಕಾಗಲಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದ ದಿನ ಫಲಿತಾಂಶವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಮರುದಿನ ಏರಿಸಿದರೂ ನಡೆಯುತ್ತದೆ, ಆಟಗಳ ಕ್ರಮ ಮಾತ್ರ ತಪ್ಪಬಾರದು.

ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅರ್ಪಾದ್ ಎಲೋ ರೂಪಿಸಿದ ಈ ಪದ್ಧತಿಯನ್ನು ಅಂತಾರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆ ಸ್ವೀಕರಿಸಿದ್ದು 1970ರಲ್ಲಿ. ಇಬ್ಬರ ರೇಟಿಂಗ್ ಅಂತರ ನೋಡಿ ಯಾರಿಗೆ ಎಷ್ಟು ಅಂಕ ಸಿಗಬೇಕಿತ್ತು ಎಂದು ಅಂದಾಜು ಮಾಡುವುದು, ನಿಜವಾಗಿ ಸಿಕ್ಕಿದ್ದರಿಂದ ಅದನ್ನು ಕಳೆಯುವುದು, ಉಳಿದದ್ದನ್ನು ಕೆ ಎಂಬ ಸಂಖ್ಯೆಯಿಂದ ಗುಣಿಸುವುದು: ಇಡೀ ಲೆಕ್ಕ ಇಷ್ಟೇ. ಹಾಳೆಯಲ್ಲಿ ಒಂದು ಆಟಕ್ಕೆ ಒಂದು ಸಾಲು. C ಕಾಲಮಿನಲ್ಲಿ ಬಿಳಿಯವರ ಹಳೆಯ ರೇಟಿಂಗ್, Dಯಲ್ಲಿ ಕಪ್ಪಿನವರದು, Eಯಲ್ಲಿ ಬಿಳಿಯವರಿಗೆ ಸಿಕ್ಕಿದ 1, 0.5 ಅಥವಾ 0. F ಕಾಲಮಿಗೆ ಈ ಸೂತ್ರ:

```
=ROUND(32*(E2-1/(1+10^((D2-C2)/400)));0)
```

ಕೆಲವು ಯಂತ್ರಗಳಲ್ಲಿ ಕೊನೆಯ ಅರ್ಧವಿರಾಮದ ಬದಲು ಅಲ್ಪವಿರಾಮ ಬೇಕಾಗುತ್ತದೆ. ಬಿಳಿಯವರ ಹೊಸ ರೇಟಿಂಗ್ C2+F2, ಕಪ್ಪಿನವರದು D2-F2.

ಒಂದು ಆಟ ನೋಡೋಣ. ಒಂಬತ್ತನೆಯ ತರಗತಿಯ ಹುಡುಗಿ 1100, ಏಳನೆಯ ತರಗತಿಯ ಹುಡುಗ 950. ಅಂತರ 150 ಇರುವಾಗ ಹುಡುಗಿಯ ಪಾಲಿಗೆ ಬರಬೇಕಾದದ್ದು 0.70 ಅಂಕ. ಅವಳು ಗೆದ್ದರೆ ಅವಳಿಗೆ 9 ಏರುತ್ತದೆ, ಅವನಿಗೆ 9 ಇಳಿಯುತ್ತದೆ. ಸೋತರೆ ಅವಳು ಕಳೆದುಕೊಳ್ಳುವುದು 23. ಡ್ರಾ ಆದರೂ ಅವಳಿಗೆ 7 ನಷ್ಟ. ಡ್ರಾಕ್ಕೆ ಅಂಕ ಹೋಗುವುದು ಮಕ್ಕಳಿಗೆ ಮೊದಲು ಅನ್ಯಾಯವೆನಿಸುತ್ತದೆ. ಗೋಡೆಯ ಮೇಲೆ 0, 50, 100, 150, 200 ಅಂತರಗಳ ಪಟ್ಟಿ ಅಂಟಿಸಿದರೆ ಆಟಕ್ಕೆ ಕೂರುವ ಮೊದಲೇ ಅವರೇ ನೋಡಿಕೊಳ್ಳುತ್ತಾರೆ, ಆಮೇಲೆ ಜಗಳವಿಲ್ಲ.

ಕೆ 32 ಯಾಕೆ? ಫಿಡೆಯಲ್ಲಿ ಕೆ 10 ಇರುವುದು 2400 ಮುಟ್ಟಿದವರಿಗೆ; 18 ದಾಟದ, 2300ಕ್ಕಿಂತ ಕೆಳಗಿರುವ ಮಕ್ಕಳಿಗೆ ಅಲ್ಲೂ 40. ನಿಜವಾದ ಬಲಕ್ಕಿಂತ 200 ಅಂಕ ಕೆಳಗೆ ಬರೆಯಲ್ಪಟ್ಟ ಹುಡುಗ ತನ್ನದೇ ರೇಟಿಂಗಿನವರ ಜೊತೆ ಆಡಿದರೆ ಸರಾಸರಿ ಆಟಕ್ಕೆ 8 ಅಂಕ ಏರುತ್ತಾನೆ. ಕೆ 10 ಇಟ್ಟಿದ್ದರೆ ಮೂರನ್ನೂ ಮುಟ್ಟುವುದಿಲ್ಲ. ಅವನು ತನ್ನ ಜಾಗ ಸೇರುವಷ್ಟರಲ್ಲಿ ಎಸ್ಸೆಸ್ಸೆಲ್ಸಿ ಬಂದಿರುತ್ತದೆ. ಎಲ್ಲರಿಗೂ ಒಂದೇ ಕೆ ಇಡುವುದಕ್ಕೆ ಇನ್ನೊಂದು ಕಾರಣವೂ ಇದೆ: ಒಬ್ಬರು ಗಳಿಸಿದಷ್ಟನ್ನೇ ಇನ್ನೊಬ್ಬರು ಕಳೆದುಕೊಂಡರೆ ಕ್ಲಬ್ಬಿನ ಒಟ್ಟು ಮೊತ್ತ ಬದಲಾಗುವುದೇ ಇಲ್ಲ.

ಈ ಏಣಿಯ ಬೀಗದ ಕೈ ಆ ಒಟ್ಟು ಮೊತ್ತ. 24 ಮಕ್ಕಳು 1000ದಿಂದ ಶುರು ಮಾಡಿದರೆ ಮೊತ್ತ 24000, ವಾರ ಎಷ್ಟು ಕಳೆದರೂ ಅಷ್ಟೇ ಇರಬೇಕು. ಹಾಳೆಯ ಮೂಲೆಯಲ್ಲಿ ಅದಕ್ಕೊಂದು ಕೋಶ ಇಡಿ. ಒಂದು ಸಂಜೆ ಅಲ್ಲಿ 23991 ಕಂಡರೆ 9 ಅಂಕ ಸೋರಿದೆ. F ಕಾಲಮಿನಲ್ಲಿ 9 ಇರುವ ಆಟ ಹುಡುಕಿ. ಹೆಚ್ಚಿನ ಸಲ ಸಿಗುವುದು ಮೇಲಿನ ಹುಡುಗಿಯಂಥವರು: ಒಂದೇ ಸಂಜೆ ಎರಡು ಆಟ ಆಡಿ, ಎರಡನೆಯ ಸಾಲಿಗೂ 1109ರ ಬದಲು ಹಳೆಯ 1100 ಬರೆಯಲಾಗಿರುತ್ತದೆ. ಹುಡುಗನಿಂದ ಹೋದ 9 ಹೋಗಿಯೇ ಬಿಟ್ಟಿತು, ಹುಡುಗಿಗೆ ಬಂದ 9 ಎರಡನೆಯ ಸಾಲಿನಲ್ಲಿ ಅಳಿಸಿಹೋಯಿತು.

ಹಳೆಯ ರೇಟಿಂಗನ್ನು ಕೈಯಲ್ಲಿ ಬರೆಯುವ ಬದಲು ಆಟಗಾರರ ಪಟ್ಟಿಯಿಂದ VLOOKUP ಮೂಲಕ ತರುವುದು ಎಲ್ಲರಿಗೂ ಹೊಳೆಯುವ ಉಪಾಯ. ಆದರೆ ಆ ಪಟ್ಟಿಯ ಇಂದಿನ ರೇಟಿಂಗ್ ಆಟಗಳ ಹಾಳೆಯಿಂದಲೇ ಬರುತ್ತಿದ್ದರೆ ಸೂತ್ರ ತನ್ನನ್ನೇ ತಾನು ಕೇಳಿದಂತಾಗಿ ಕ್ಯಾಲ್ಕ್ Err:522 ತೋರಿಸುತ್ತದೆ. ಆಟ ಮುಗಿದ ಕೂಡಲೇ ಪಟ್ಟಿಯ ಸಂಖ್ಯೆ ನೋಡಿ C, D ಕಾಲಮುಗಳನ್ನು ಬರೆದು, ಹೊಸ ಸಂಖ್ಯೆಗಳನ್ನು ಮತ್ತೆ ಪಟ್ಟಿಗೆ ಬರೆಯುವುದೇ ನೇರ ದಾರಿ. ಅರ್ಧ ನಿಮಿಷದ ಕೆಲಸ, ತಪ್ಪಿದರೆ ಮೂಲೆಯ ಕೋಶ ಹೇಳುತ್ತದೆ.

ಈಗ ಜೂನ್. ಮಾರ್ಚಿನಲ್ಲಿ ಹತ್ತನೆಯ ತರಗತಿಯ ಮೂವರು ಶಾಲೆ ಬಿಟ್ಟರು ಎನ್ನಿ, ಅವರ ರೇಟಿಂಗ್ 1240, 1185, 1150. ಮೂರು ವರ್ಷ ಗೆದ್ದು ಕೂಡಿಸಿದ 575 ಅಂಕ ಅವರ ಜೊತೆ ಗೇಟು ದಾಟಿತು. ಉಳಿದ 21 ಮಕ್ಕಳ ಮೊತ್ತ 20425, ಸರಾಸರಿ ಸುಮಾರು 973. ಆಗಲೇ ಐದನೆಯ ತರಗತಿಯಿಂದ ಐವರು ಬಂದು, ಕುದುರೆ ಎಲ್ಲಿ ಹಾರುತ್ತದೆಂದು ಇನ್ನೂ ಬೆರಳಿಟ್ಟು ಎಣಿಸುವವರು, 1000ದಲ್ಲಿ ಕೂರುತ್ತಾರೆ. ವರ್ಷಪೂರ್ತಿ ಆಡಿದ ಆರನೆಯ ತರಗತಿಯವನಿಗಿಂತ ಮೇಲೆ! ಅವರನ್ನು ಮೊದಲು ಸೋಲಿಸಿದವರಿಗೆ ಆಟಕ್ಕೆ 16 ಅಂಕದ ಸುಲಭ ಬೆಳೆ. ಚುರುಕು ಮಕ್ಕಳು ಜೂನ್ ಮೊದಲ ವಾರವೇ ಹೊಸಬರನ್ನು ಬೋರ್ಡಿಗೆ ಕರೆಯುತ್ತಿದ್ದರೆ ಕಾರಣ ಪ್ರೀತಿಯಲ್ಲ, ಇದು.

ಪರಿಹಾರಕ್ಕೆ ಎರಡು ಹೆಜ್ಜೆ. ಮೊದಲು ಮರಳಿ ಬಂದವರ ಸರಾಸರಿಯನ್ನು 1000ಕ್ಕೆ ತನ್ನಿ: ಕೊರತೆ 575, 21ರಿಂದ ಭಾಗಿಸಿದರೆ 27ಕ್ಕೆ ಸ್ವಲ್ಪ ಮೇಲೆ, ಆದ್ದರಿಂದ ಪ್ರತಿಯೊಬ್ಬರಿಗೂ 27. ಎಲ್ಲರಿಗೂ ಒಂದೇ ಸಂಖ್ಯೆ ಸೇರುವುದರಿಂದ ಅಂತರಗಳು ಹಾಗೇ ಉಳಿಯುತ್ತವೆ, ಸ್ಥಾನ ಯಾರದೂ ಕದಲುವುದಿಲ್ಲ. ಆಮೇಲೆ ಹೊಸಬರನ್ನು 800ದಲ್ಲಿ ಸೇರಿಸಿ. 1000ದವನು 800ದವನನ್ನು ಸೋಲಿಸಿದರೆ ಸಿಗುವುದು 8 ಮಾತ್ರ. ಮೂಲೆಯ ಕೋಶದ ಹೊಸ ಮೊತ್ತ 20992ಕ್ಕೆ 4000 ಕೂಡಿಸಿ 24992.

ಇಷ್ಟು ಮಾಡಿದರೂ ವರ್ಷದ ನಡುವೆ ಇನ್ನೊಂದು ಸೋರಿಕೆ ಇರುತ್ತದೆ. 800ದಲ್ಲಿ ಬಂದ ಐವರೂ ಕಲಿತು 1000 ಮುಟ್ಟಿದರೆ ಆ ಸಾವಿರ ಅಂಕ ಹಳಬರ ಜೇಬಿನಿಂದಲೇ ಹೋಗಬೇಕು, ತಲೆಗೆ ಸುಮಾರು 48. ಜನವರಿಯಲ್ಲಿ ಹತ್ತನೆಯವರು "ಆಟ ಕೆಟ್ಟಿಲ್ಲ ಮಾಸ್ಟ್ರೇ, ರೇಟಿಂಗ್ ಯಾಕೆ ಇಳಿಯಿತು?" ಎಂದು ಕೇಳುವುದು ಇದೇ ಕಾರಣಕ್ಕೆ, ಕೇಳುವುದರಲ್ಲಿ ನ್ಯಾಯವೂ ಇದೆ. ಮುಂದಿನ ಜೂನ್‌ನ ಸರಿಪಡಿಕೆ ಇದನ್ನೂ ಸಾಕಷ್ಟು ತುಂಬುತ್ತದೆ. ಬೆಲೆ ಏನೆಂದರೆ ಹೋದ ವರ್ಷದ 1150 ಮತ್ತು ಈ ವರ್ಷದ 1150 ಒಂದೇ ಅಲ್ಲ. ಹೊರಗಿನ ರೇಟಿಂಗಿಗಂತೂ ಹೋಲಿಸಲೇಬಾರದು: 2024ರ ಮಾರ್ಚಿನಿಂದ ಫಿಡೆ ಪಟ್ಟಿಯ ತಳವೇ 1400, ಕ್ಲಬ್ಬಿನ 1400 ಅದರ ಹತ್ತಿರ ಇರಬೇಕಾಗಿಲ್ಲ. ನಮ್ಮಲ್ಲಿ ಅರ್ಥವಿರುವುದು ಅಂತರಕ್ಕೆ ಮಾತ್ರ.

ಮೇಲಿನ ಸ್ಥಾನ ಸಿಕ್ಕಿದ ಮೇಲೆ ಆಡದೆ ಕೂರುವವರಿಗೆ ಅಂಕ ಕಡಿತ ಮಾಡಬೇಡಿ, ಮೊತ್ತ ಕೆಡುತ್ತದೆ. ಎರಡು ವಾರ ಆಟವಿಲ್ಲದಿದ್ದರೆ ಹೆಸರನ್ನು ಏಣಿಯಿಂದ ಮರೆಮಾಡಿ, ಆಡಿದ ದಿನ ಅದೇ ಅಂಕದಲ್ಲಿ ಮರಳಲಿ.

ಉಪಜಿಲ್ಲಾ ಸ್ಪರ್ಧೆಗೆ ಆಯ್ಕೆ ಮಾಡುವಾಗ ಕೊನೆಯ ಸ್ಥಾನಕ್ಕೆ ಒಬ್ಬರು 1112, ಇನ್ನೊಬ್ಬರು 1098 ಇದ್ದರೆ ಏಣಿಯನ್ನು ನಂಬಿ ತೀರ್ಮಾನಿಸಬೇಡಿ. ಸಮಬಲದವರ ನಡುವಿನ ಒಂದೇ ಆಟದಲ್ಲಿ 16 ಅಂಕ ಆಚೀಚೆ ಆಗುತ್ತದೆ, ಇಲ್ಲಿರುವ ಅಂತರ 14. ಅಂಥವರನ್ನು ಒಮ್ಮೆ ಬಿಳಿ, ಒಮ್ಮೆ ಕಪ್ಪು ಕೊಟ್ಟು ಎರಡು ಆಟ ಆಡಿಸಿ ನೋಡಿ.