ಐವಿಎಫ್ ಪ್ಯಾಕೇಜ್ ದರವನ್ನು ಸೈಕಲ್ ಲೆಕ್ಕಕ್ಕೆ ಗುಣಿಸಬೇಡಿ

ಸೋಮವಾರಪೇಟೆ ಕಡೆ ನಮ್ಮದು ಸಣ್ಣ ಕಾಫಿ ತೋಟ. ಹೆಂಡತಿ ಖಾಸಗಿ ಶಾಲೆಯ ಶಿಕ್ಷಕಿ. ಕಾಫಿ ಮಾರಿದ ಹಣದಲ್ಲಿ ಐವಿಎಫ್‌ಗೆಂದು ನಾಲ್ಕು ಲಕ್ಷ ತೆಗೆದಿರಿಸಿದ್ದೆವು. ಮೈಸೂರಿನ ಕೇಂದ್ರವೊಂದರಲ್ಲಿ ಪ್ಯಾಕೇಜ್ 1,60,000 ರೂಪಾಯಿ. ಎರಡು ಸೈಕಲ್, ಅಂದರೆ ಎರಡು ಸುತ್ತು ಚಿಕಿತ್ಸೆ, ಆಗಿಯೂ ಹಣ ಉಳಿಯುತ್ತದೆ ಎಂದು ಅಲ್ಲಿನ ಸಿಬ್ಬಂದಿಯೇ ಕಾಗದದ ಮೇಲೆ ಬರೆದು ತೋರಿಸಿದರು. ಒಂದು ಮುಗಿಯುವಷ್ಟರಲ್ಲಿ ಕೈ ಬರಿದಾಗುತ್ತಾ ಬಂತು.

ಅಂಡಾಣು ಬೆಳೆಸುವ ಇಂಜೆಕ್ಷನ್ ಪ್ಯಾಕೇಜ್‌ನಲ್ಲಿ ಇರಲಿಲ್ಲ. ಅಂಡಾಣು ಎಷ್ಟು ಉಳಿದಿದೆ ಎಂದು ಸೂಚಿಸುವ ಎಎಂಎಚ್ ಹಾರ್ಮೋನ್ ಹೆಂಡತಿಗೆ ಕಡಿಮೆಯಿದ್ದುದರಿಂದ ಪ್ರಮಾಣ ಹೆಚ್ಚಿಸಿದರು, 85,000 ಆಯಿತು. ಓಡಾಟ, ಲಾಡ್ಜ್ ಸೇರಿ 25,000. ಅಷ್ಟರಲ್ಲಿ ಪ್ರೊಜೆಸ್ಟರಾನ್ ಹಾರ್ಮೋನ್ ಬೇಗ ಏರಿತು. ಹಾಗಾದಾಗ ಗರ್ಭಕೋಶದ ಒಳಪದರ ಭ್ರೂಣದ ವಯಸ್ಸಿಗೆ ಹೊಂದುವುದಿಲ್ಲ. ಭ್ರೂಣಗಳನ್ನು ಹೆಪ್ಪುಗಟ್ಟಿಸಿ ಮುಂದೆ ಗರ್ಭಕೋಶಕ್ಕೆ ವರ್ಗಾಯಿಸುವುದೇ ಸರಿ. ವೈದ್ಯರ ತೀರ್ಮಾನದ ಬಗ್ಗೆ ನನ್ನ ತಕರಾರಿಲ್ಲ. ಬಿಲ್ಲಿನ ಬಗ್ಗೆ ಇದೆ. ಪ್ಯಾಕೇಜ್‌ನಲ್ಲಿದ್ದ ವರ್ಗಾವಣೆ ‘ಅದೇ ಸೈಕಲ್‌ಗೆ ಮಾತ್ರ’ ಎಂದು ರದ್ದಾಯಿತು. ಹೆಪ್ಪುಗಟ್ಟಿಸಿ ಒಂದು ವರ್ಷ ಇಡಲು 30,000, ಬಳಿಕದ ವರ್ಗಾವಣೆಗೆ 60,000.

ಅಂದರೆ ಅಂಡಾಣು ತೆಗೆಸಿ ಭ್ರೂಣ ಹೆಪ್ಪುಗಟ್ಟಿಸಿ ಇಡುವವರೆಗೆ ಮೂರು ಲಕ್ಷ, ಆಮೇಲೆ ಪ್ರತಿ ವರ್ಗಾವಣೆಗೆ 60,000. ದರ ಕೇಳುವಾಗ ಈ ಎರಡನ್ನೂ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಮೂರು ಸೈಕಲ್‌ಗಳ ಹಣವನ್ನು ಒಟ್ಟಿಗೆ ಕಟ್ಟಿಸಿಕೊಳ್ಳುವ ಯೋಜನೆ ಇದ್ದರೆ, ಹೆಪ್ಪುಗಟ್ಟಿಸಿದ ಭ್ರೂಣದ ವರ್ಗಾವಣೆಯನ್ನೂ ಒಂದು ಸೈಕಲ್ ಎಂದು ಎಣಿಸುತ್ತಾರೆಯೇ, ಮೊದಲ ಸಲವೇ ಗರ್ಭ ನಿಂತರೆ ಉಳಿದ ಹಣ ವಾಪಸ್ಸು ಬರುತ್ತದೆಯೇ ಎಂದು ಲಿಖಿತವಾಗಿ ಕೇಳಿ.

ವಿಮೆಯನ್ನು ನಂಬಿ ಹೊರಡಬೇಡಿ. ನಮ್ಮ ಏಜೆಂಟ್ ‘ಹೆರಿಗೆ ಕವರ್ ಇದೆಯಲ್ಲ’ ಎಂದಿದ್ದರು. ಹೆರಿಗೆ ಬೇರೆ, ಬಂಜೆತನದ ಚಿಕಿತ್ಸೆ ಬೇರೆ. ಪಾಲಿಸಿಯ ಪಿಡಿಎಫ್‌ನಲ್ಲಿ Excl17 ಎಂದು ಹುಡುಕಿ: ಐವಿಎಫ್, ಅಂಡಾಣುವಿಗೆ ವೀರ್ಯಾಣು ಚುಚ್ಚುವ ಇಕ್ಸಿ ಎಲ್ಲವನ್ನೂ ಸಾಮಾನ್ಯವಾಗಿ ಅಲ್ಲಿ ಹೊರಗಿಟ್ಟಿರುತ್ತಾರೆ. ಕೆಲವು ಪಾಲಿಸಿಗಳು ಇದಕ್ಕೂ ಹಣ ಕೊಡುತ್ತವೆ. ಆದರೆ ಕಾಯುವ ಅವಧಿ ಎಷ್ಟು, ವಿಮಾ ಮೊತ್ತ ಐದು ಲಕ್ಷವಿದ್ದರೂ ಐವಿಎಫ್‌ಗೆ ಇಟ್ಟಿರುವ ಒಳಮಿತಿ ಎಷ್ಟು, ಆಸ್ಪತ್ರೆಗೆ ದಾಖಲಾಗದೆ ತೆಗೆದುಕೊಳ್ಳುವ ಇಂಜೆಕ್ಷನ್‌ಗೆ ಹಣ ಸಿಗುತ್ತದೆಯೇ ಎಂಬ ಮೂರನ್ನೂ ನೋಡಬೇಕು. ಆಯುಷ್ಮಾನ್ ಭಾರತ್ ಕೂಡ ಈ ಚಿಕಿತ್ಸೆಗೆ ಒದಗುವುದಿಲ್ಲ.

ಮೂರು ಭ್ರೂಣಗಳಲ್ಲಿ ಮೊದಲನೆಯದು ನಿಲ್ಲಲಿಲ್ಲ. ಮರುದಿನವೇ ಕೇಂದ್ರದಿಂದ ಕರೆ: ಹೊಸ ಸೈಕಲ್ ಶುರುಮಾಡಿದರೆ ರಿಯಾಯಿತಿ, ಬೇಕಿದ್ದರೆ ಕಂತಿನ ಸಾಲ. ಹೆಂಡತಿಯ ಕಣ್ಣೀರು ಇನ್ನೂ ಆರಿರಲಿಲ್ಲ. ಉಳಿದ ಎರಡು ಭ್ರೂಣಗಳ ವರ್ಗಾವಣೆಗೆ ಒಟ್ಟು 1,20,000 ಸಾಕು. ಮತ್ತೊಮ್ಮೆ ಅಂಡಾಣು ತೆಗೆಸಲು ಮೂರು ಲಕ್ಷ ಬೇಕು. ಹೆಪ್ಪುಗಟ್ಟಿದ ಭ್ರೂಣಕ್ಕೆ ವಯಸ್ಸಾಗುವುದಿಲ್ಲ, ಆದ್ದರಿಂದ ಮುಂದಿನ ಕಾಫಿ ಹಣದವರೆಗೆ ಕಾಯಬಹುದು. ಒಂದೂ ಉಳಿದಿಲ್ಲದವರಿಗೆ ಈ ಮಾತು ಅನ್ವಯಿಸುವುದಿಲ್ಲ. ಮೂವತ್ತೈದು ದಾಟಿದ ಮೇಲೆ ಕಾದಷ್ಟೂ ಅಂಡಾಣುವಿನ ಗುಣಮಟ್ಟ ಇಳಿಯುತ್ತದೆ.

ಒಡವೆ ಅಡವಿಡುವುದಿಲ್ಲ, ಈ ಎರಡು ಭ್ರೂಣ ಮುಗಿಯುವವರೆಗೆ ಇನ್ನೊಮ್ಮೆ ಅಂಡಾಣು ತೆಗೆಸುವುದಿಲ್ಲ ಎಂದು ಇಬ್ಬರೂ ತೀರ್ಮಾನಿಸಿದ್ದೇವೆ. ಉಳಿದಿದ್ದ 40,000 ರೂಪಾಯಿಯಲ್ಲಿ ಮೊದಲು ಭ್ರೂಣ ಇಡುವ ಶುಲ್ಕದ ನವೀಕರಣಕ್ಕೆ ತೆಗೆದಿಟ್ಟೆವು. ಅದರ ಕೊನೆಯ ದಿನಾಂಕ ರಸೀದಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿದೆ, ನೋಡಿಕೊಳ್ಳಿ.